ಅಮ್ಮನಿಗೆ ಬೇಕಾದ 15: ನ್ಯೂಜಿಲೆಂಡ್ ಪೋಷಕರ ವೀಸಾಕ್ಕಾಗಿ ಐಇಎಲ್‌ಟಿಎಸ್ ತಯಾರಿ

ನ್ಯೂಜಿಲೆಂಡ್‌ನಲ್ಲಿ ನೆಲೆಸಿದ ಮಕ್ಕಳು ಊರಿನಲ್ಲಿರುವ ತಂದೆತಾಯಿಯನ್ನು ಖಾಯಂ ಆಗಿ ಕರೆಸಿಕೊಳ್ಳಲು ಮುಖ್ಯವಾಗಿ ಬಳಸುವ ದಾರಿ ಪೇರೆಂಟ್ ರೆಸಿಡೆಂಟ್ ವೀಸಾ. ಮಕ್ಕಳ ಆದಾಯ, ಹಿರಿಯರ ಆರೋಗ್ಯ ತಪಾಸಣೆ, ಪೊಲೀಸ್ ಪ್ರಮಾಣಪತ್ರ, ಇವುಗಳ ಬಗ್ಗೆ ಎಲ್ಲರೂ ಮೊದಲೇ ವಿಚಾರಿಸಿಕೊಂಡಿರುತ್ತಾರೆ. ಇಂಗ್ಲಿಷ್ ಬರುತ್ತದೆ ಎಂದು ತೋರಿಸಬೇಕಾದ ಷರತ್ತು ಮಾತ್ರ ಕೊನೆಗೆ ಕಣ್ಣಿಗೆ ಬೀಳುತ್ತದೆ. ಅದನ್ನು ತೋರಿಸುವ ಒಂದು ಬಗೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ನಾನು ಹ್ಯಾಮಿಲ್ಟನ್‌ನಲ್ಲಿದ್ದೇನೆ. ಅಮ್ಮ ಅರಸೀಕೆರೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಕಲಿತದ್ದೂ ಕನ್ನಡ ಮಾಧ್ಯಮ, ಕಲಿಸಿದ್ದೂ ಕನ್ನಡ ಮಾಧ್ಯಮ. "ಪರೀಕ್ಷೆ ಬರೆಸಿದವಳು ನಾನು, ಈಗ ನಾನೇ ಬರೆಯಬೇಕಾ?" ಎಂದು ಫೋನಿನಲ್ಲಿ ಕೇಳಿದಾಗ ಅವರ ದನಿಯಲ್ಲಿದ್ದದ್ದು ಭಯ. ಆ ಭಯವನ್ನು ಕರಗಿಸಿದ್ದು ಧೈರ್ಯದ ಮಾತುಗಳಲ್ಲ, ಒಂದು ಸಣ್ಣ ಲೆಕ್ಕ. ಅದರಿಂದಲೇ ಶುರು ಮಾಡುತ್ತೇನೆ.

ಲೆಕ್ಕ ಮೊದಲು, ಪುಸ್ತಕ ಆಮೇಲೆ

ಐಇಎಲ್‌ಟಿಎಸ್‌ನಲ್ಲಿ ಆಲಿಸುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗಗಳಿವೆ. ಪ್ರತಿಯೊಂದಕ್ಕೂ 9ರವರೆಗಿನ ಬ್ಯಾಂಡ್ ಅಂಕ ಕೊಡುತ್ತಾರೆ. ನಾಲ್ಕರ ಸರಾಸರಿಯೇ ಒಟ್ಟಾರೆ ಅಂಕ. ಪೋಷಕರ ವೀಸಾಕ್ಕೆ ಬೇಕಿರುವುದು ಒಟ್ಟಾರೆ 4.0. ಕೆಲಸಕ್ಕೆ, ಓದಿಗೆ ಹೋಗುವವರು 6.5, 7 ಎಂದು ಮಾತನಾಡುವುದನ್ನು ಕೇಳಿ ಹಿರಿಯರು ಹೆದರಿರುತ್ತಾರೆ. ಅದು ಬೇರೆಯೇ ಎತ್ತರ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ನೋಡುವುದು ಒಟ್ಟಾರೆ ಅಂಕವನ್ನು. ಒಂದು ಭಾಗದಲ್ಲಿ ಹಿಂದೆ ಬಿದ್ದರೆ ಇನ್ನೊಂದು ಭಾಗ ಅದನ್ನು ತುಂಬಿಕೊಡಬಹುದು. ಇನ್ನೊಂದು, ಸರಾಸರಿಯನ್ನು ಹತ್ತಿರದ ಅರ್ಧ ಅಂಕಕ್ಕೆ ಸರಿಹೊಂದಿಸುತ್ತಾರೆ. ಸರಾಸರಿ .75ಕ್ಕೆ ನಿಂತರೆ ಅದು ಮುಂದಿನ ಪೂರ್ಣ ಅಂಕಕ್ಕೆ ಏರುತ್ತದೆ. ಅಂದರೆ 3.75 ಬಂದವರಿಗೆ 4.0 ಸಿಗುತ್ತದೆ. 3.75 ಅನ್ನು ನಾಲ್ಕರಿಂದ ಗುಣಿಸಿದರೆ 15. ನಾಲ್ಕೂ ಭಾಗಗಳ ಅಂಕ ಕೂಡಿದಾಗ 15 ಬಂದರೆ ಸಾಕು. 14.5 ಬಂದರೆ ಸರಾಸರಿ 3.625, ಅದು 3.5ಕ್ಕೆ ಇಳಿಯುತ್ತದೆ.

ಅಮ್ಮನ ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಈ 15 ಎಂಬ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಅಂಟಿಸಿದೆವು. "ಮಾತಿಗೆ 4.5, ಕೇಳುವುದಕ್ಕೆ 4, ಓದಿಗೆ 3.5, ಬರವಣಿಗೆಗೆ 3" ಎಂದು ಅದರ ಕೆಳಗೆ ಅವರೇ ಬರೆದುಕೊಂಡರು. ಕೂಡಿಸಿದರೆ ಸರಿಯಾಗಿ 15. ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು ಎಂಬುದನ್ನು ಆ ನಾಲ್ಕು ಅಂಕಗಳೇ ಹೇಳಿದವು.

ಪರೀಕ್ಷೆಯ ದಿನವನ್ನು ಬೇಗ ಗೊತ್ತುಮಾಡಬೇಡಿ

ಈ ವೀಸಾಕ್ಕೆ ನೇರವಾಗಿ ಅರ್ಜಿ ಹಾಕುವಂತಿಲ್ಲ. ಮೊದಲು ಆಸಕ್ತಿ ಸೂಚಿಸುವ ಒಂದು ನಮೂನೆ ಸಲ್ಲಿಸಬೇಕು. 2022ರಿಂದ ಹೊಸ ನಮೂನೆಗಳನ್ನು ಚೀಟಿ ಎತ್ತಿ ಆಯ್ಕೆ ಮಾಡುತ್ತಿದ್ದಾರೆ. ಆಯ್ಕೆಯಾಗಿ ಆಹ್ವಾನ ಬಂದ ಮೇಲೆ ಪೂರ್ಣ ಅರ್ಜಿ ಸಲ್ಲಿಸಲು ನಾಲ್ಕು ತಿಂಗಳು ಸಿಗುತ್ತದೆ. ಚೀಟಿ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಪರೀಕ್ಷೆಯ ಫಲಿತಾಂಶವಾದರೋ ಎರಡೇ ವರ್ಷ ಚಾಲ್ತಿಯಲ್ಲಿರುತ್ತದೆ.

ಹಾಗಾಗಿ ಉತ್ಸಾಹದಿಂದ ಮೊದಲೇ ಪರೀಕ್ಷೆ ಬರೆಸಿದರೆ ಆಹ್ವಾನ ಬರುವ ಹೊತ್ತಿಗೆ ಆ ಅಂಕ ಹಳತಾಗಿ, ಮತ್ತೆ ಶುಲ್ಕ ಕಟ್ಟಬೇಕಾಗಬಹುದು. ಇನ್ನೊಂದು ತುದಿಯಲ್ಲಿ, ಆಹ್ವಾನ ಬಂದ ಮೇಲೆ ಎಬಿಸಿಯಿಂದ ಶುರು ಮಾಡಿದರೆ ನಾಲ್ಕು ತಿಂಗಳು ಸಾಲುವುದಿಲ್ಲ. ನಾನು ಹೇಳುವುದು ಹೀಗೆ: ನಮೂನೆ ಸಲ್ಲಿಸಿದ ವಾರದಿಂದಲೇ ಕಲಿಕೆ ಆರಂಭವಾಗಲಿ, ಆಹ್ವಾನ ಬಂದ ವಾರದಲ್ಲಿ ಪರೀಕ್ಷೆಯ ದಿನ ಗೊತ್ತಾಗಲಿ. ಆಗ ಒಮ್ಮೆ ಅಂಕ ಕೈತಪ್ಪಿದರೂ ನಾಲ್ಕು ತಿಂಗಳ ಒಳಗೆ ಇನ್ನೊಮ್ಮೆ ಬರೆಯಲು ಸಮಯ ಇರುತ್ತದೆ. ಹಣ ಕಟ್ಟುವ ಮೊದಲು ಇಮಿಗ್ರೇಷನ್ ನ್ಯೂಜಿಲೆಂಡ್‌ನ ಜಾಲತಾಣದಲ್ಲಿ ಆ ದಿನಕ್ಕೆ ಜಾರಿಯಲ್ಲಿರುವ ಅಂಕವನ್ನು ಇನ್ನೊಮ್ಮೆ ಓದಿಕೊಳ್ಳಿ. ವಲಸೆಯ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಇಂಗ್ಲಿಷ್‌ನಲ್ಲಿ ಓದಿದ, ಇಂಗ್ಲಿಷ್‌ನಲ್ಲಿ ಕೆಲಸ ಮಾಡಿದ ತಂದೆತಾಯಿಯಾದರೆ ಪರೀಕ್ಷೆಯ ಬದಲು ಬೇರೆ ದಾಖಲೆ ಕೊಡಲು ಅವಕಾಶವಿದೆಯೇ ಎಂದು ಅದೇ ಪುಟದಲ್ಲಿ ನೋಡಿ.

ನೋಂದಣಿಯಲ್ಲಿ ಎರಡು ಕಡೆ ಎಚ್ಚರ ಬೇಕು. ಐಇಎಲ್‌ಟಿಎಸ್‌ನಲ್ಲಿ ಅಕಾಡೆಮಿಕ್ ಮತ್ತು ಜನರಲ್ ಟ್ರೈನಿಂಗ್ ಎಂಬ ಎರಡು ಬಗೆಗಳಿವೆ. ಈ ವೀಸಾಕ್ಕೆ ಯಾವುದಾದರೂ ನಡೆಯುತ್ತದೆ, ಆದರೆ ಹಿರಿಯರಿಗೆ ಜನರಲ್ ಟ್ರೈನಿಂಗ್ ತಕ್ಕದ್ದು. ಅಕಾಡೆಮಿಕ್‌ನಲ್ಲಿ ನಕ್ಷೆ, ಅಂಕಿಅಂಶ ನೋಡಿ ವಿವರಿಸಬೇಕು. ಜನರಲ್‌ನಲ್ಲಿ ಅದರ ಬದಲು ಪತ್ರ ಬರೆಯಬೇಕು. ಇನ್ನೊಂದು ಹೆಸರಿನ ವಿಷಯ. ನಮ್ಮ ಹಿರಿಯರ ಹೆಸರಿನ ಹಿಂದೆ ಊರು ಮತ್ತು ತಂದೆಯ ಇನಿಷಿಯಲ್‌ಗಳು ಇರುತ್ತವೆ. ಪಾಸ್‌ಪೋರ್ಟಿನಲ್ಲಿ ಕೆಲವರಿಗೆ ಅವು ಬಿಡಿಸಿ ಅಚ್ಚಾಗಿರುತ್ತವೆ, ಕೆಲವರಿಗೆ ಕುಲನಾಮದ ಜಾಗವೇ ಖಾಲಿ. ಆಧಾರ್‌ನಲ್ಲಿ ಹೇಗಿದೆ, ಪಿಂಚಣಿ ಪುಸ್ತಕದಲ್ಲಿ ಹೇಗಿದೆ ಎಂಬುದನ್ನು ಬದಿಗಿಟ್ಟು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ತುಂಬಿ. ಪರೀಕ್ಷೆಯ ಬಾಗಿಲಲ್ಲಿ ತೋರಿಸಬೇಕಾದ ಗುರುತಿನ ಚೀಟಿಯೂ ಪಾಸ್‌ಪೋರ್ಟೇ.

ಕಿವಿಯನ್ನು ಮೊದಲು ಪರೀಕ್ಷಿಸಿ

ಈ ಹೆಜ್ಜೆಯನ್ನು ನಾವು ತಡವಾಗಿ ಇಟ್ಟೆವು. ಎರಡು ತಿಂಗಳ ಕಾಲ ಅಮ್ಮ ದಿನವೂ ಆಲಿಸುವ ಅಭ್ಯಾಸ ಮಾಡಿದರೂ ಅಂಕ ಮೇಲೇರಲಿಲ್ಲ. ನಾನು ಇಂಗ್ಲಿಷಿನ ದೋಷವೆಂದೇ ತಿಳಿದಿದ್ದೆ. ಒಂದು ದಿನ ನನ್ನ ಸೋದರಮಾವನ ಮಗಳು ಅವರ ತಪ್ಪುಗಳನ್ನೆಲ್ಲ ಒಂದು ಹಾಳೆಗೆ ಬರೆದಿಟ್ಟಳು. 'ಟಿಕೆಟ್ಸ್' ಇರುವಲ್ಲಿ 'ಟಿಕೆಟ್', 'ಬುಕ್ಸ್' ಇರುವಲ್ಲಿ 'ಬುಕ್', 'ಫಿಫ್ಟಿ' ಇರುವಲ್ಲಿ 'ಸಿಕ್ಸ್ಟಿ'. "ಅತ್ತೆ, ಟಿವಿಯ ಸದ್ದು ಇಷ್ಟು ಜೋರಾಗಿ ಯಾಕೆ ಇಡುತ್ತೀರಿ?" ಎಂದು ಕೇಳಿದವಳೂ ಅವಳೇ.

ವಯಸ್ಸಾದಂತೆ ಕಿವಿಯಲ್ಲಿ ಮೊದಲು ಕುಂದುವುದು ಎತ್ತರದ ಶ್ರುತಿಯ ಸದ್ದುಗಳನ್ನು ಹಿಡಿಯುವ ಶಕ್ತಿ. ಸ, ಫ, ತ, ಥ ಮುಂತಾದ ಉಸಿರಿನ ಸದ್ದುಗಳು ಆ ಎತ್ತರದಲ್ಲಿರುತ್ತವೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ, ಪರಿಚಿತ ಭಾಷೆಯೂ ಆದ್ದರಿಂದ, ಮನಸ್ಸು ಬಿಟ್ಟುಹೋದದ್ದನ್ನು ತುಂಬಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಬಹುವಚನವೇ ಕೊನೆಯ 'ಸ್' ಮೇಲೆ ನಿಂತಿದೆ. ಆ ಒಂದು ಸದ್ದು ಕೇಳದಿದ್ದರೆ ಉತ್ತರ ತಪ್ಪು.

ಇದು ಭಾಷೆಯ ತೊಂದರೆಯೋ ಕಿವಿಯ ತೊಂದರೆಯೋ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ತಪ್ಪಾದ ವಾಕ್ಯವನ್ನು ಅಚ್ಚಿನಲ್ಲಿ ತೋರಿಸಿ. ಓದಿದಾಗ ತಕ್ಷಣ ಅರ್ಥವಾಗಿ ಕೇಳಿದಾಗ ಮಾತ್ರ ಅರ್ಥವಾಗದಿದ್ದರೆ, ಮತ್ತು ಕನ್ನಡದ ಫೋನ್ ಕರೆಯಲ್ಲಿಯೂ "ಏನಂದೆ?" ಎಂದು ಪದೇ ಪದೇ ಕೇಳುತ್ತಿದ್ದರೆ, ಕಿವಿಯ ವೈದ್ಯರ ಬಳಿ ಶ್ರವಣ ಪರೀಕ್ಷೆ ಮಾಡಿಸಿ. ಶ್ರವಣ ಸಾಧನ ಬೇಕಾದವರು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದವರು, ದೊಡ್ಡ ಅಕ್ಷರ ಬೇಕಾದವರು ವೈದ್ಯರ ಪತ್ರದೊಂದಿಗೆ ವಿಶೇಷ ವ್ಯವಸ್ಥೆ ಕೋರಬಹುದು. ಅದನ್ನು ನೋಂದಣಿಯ ಹೊತ್ತಿನಲ್ಲೇ ಕೇಳಬೇಕು. ಪರೀಕ್ಷೆಯ ಬೆಳಿಗ್ಗೆ ಕೇಳಿದರೆ ಯಾರೂ ಏನೂ ಮಾಡಲಾಗದು.

ಮಾತು: ಅಂಕ ಬೇಗ ಏರುವ ಭಾಗ

ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಪರೀಕ್ಷಕರೊಬ್ಬರು ಎದುರು ಕುಳಿತೋ ವಿಡಿಯೊ ಕರೆಯಲ್ಲೋ ಮಾತನಾಡಿಸುತ್ತಾರೆ. ಮೊದಲ ನಾಲ್ಕೈದು ನಿಮಿಷ ಊರು, ಮನೆ, ಕೆಲಸ, ಹವ್ಯಾಸ. ಆಮೇಲೆ ಒಂದು ಕಾರ್ಡ್ ಕೊಟ್ಟು, ಯೋಚಿಸಲು ಒಂದು ನಿಮಿಷ ಬಿಟ್ಟು, ಒಂದೆರಡು ನಿಮಿಷ ಒಬ್ಬರೇ ಮಾತನಾಡಲು ಹೇಳುತ್ತಾರೆ. ಕೊನೆಗೆ ಅದೇ ವಿಷಯದ ಮೇಲೆ ಸ್ವಲ್ಪ ಆಳವಾದ ಪ್ರಶ್ನೆಗಳು.

ಹಿರಿಯರು ಅಂಕ ಕಳೆದುಕೊಳ್ಳುವುದು ವ್ಯಾಕರಣದಿಂದ ಎಂದು ನಾವು ಭಾವಿಸುತ್ತೇವೆ. ಅಮ್ಮನ ವಿಷಯದಲ್ಲಿ ತೊಂದರೆ ಮೌನದ್ದಾಗಿತ್ತು. "ವೇರ್ ಡು ಯು ಲಿವ್?" ಎಂದರೆ "ಅರಸೀಕೆರೆ" ಎಂದು ಹೇಳಿ ತುಟಿ ಮುಚ್ಚುತ್ತಿದ್ದರು. ಒಂದೇ ಪದದ ಉತ್ತರದಲ್ಲಿ ಪರೀಕ್ಷಕರಿಗೆ ಅಳೆಯಲು ಏನೂ ಸಿಗುವುದಿಲ್ಲ. ಅದಕ್ಕೆ ಮೂರು ವಾಕ್ಯಗಳ ನಿಯಮ ಮಾಡಿಕೊಂಡೆವು: ಉತ್ತರ, ಅದಕ್ಕೊಂದು ವಿವರ, ತನ್ನದೇ ಒಂದು ಸಂಗತಿ. "ಐ ಲಿವ್ ಇನ್ ಅರಸೀಕೆರೆ. ಇಟ್ ಈಸ್ ಎ ಸ್ಮಾಲ್ ಟೌನ್ ವಿತ್ ಮೆನಿ ಕೋಕನಟ್ ಟ್ರೀಸ್. ಮೈ ಹೌಸ್ ಈಸ್ ನಿಯರ್ ದ ರೈಲ್ವೆ ಸ್ಟೇಷನ್." ಸಣ್ಣ ತಪ್ಪುಗಳಿದ್ದರೂ ಮೂರು ವಾಕ್ಯ ಹೇಳುವವರು 4ರ ಮಟ್ಟದ ಕಡೆಗೆ ಬರುತ್ತಾರೆ.

ದಿನಕ್ಕೆ ಎರಡು ಪ್ರಶ್ನೆ, ಫೋನಿನಲ್ಲಿ, ನನ್ನೊಂದಿಗೆ. ಮೊದಲು ಅದೇ ವಿಷಯವನ್ನು ಕನ್ನಡದಲ್ಲಿ ಹೇಳಿಸುತ್ತಿದ್ದೆ, ಬಳಿಕ ಇಂಗ್ಲಿಷಿನಲ್ಲಿ. ಹೇಳಲು ವಿಷಯವೇ ಇಲ್ಲದೆ ಯಾವ ಭಾಷೆಯಲ್ಲೂ ಮಾತು ಹೊರಡುವುದಿಲ್ಲ ಎಂಬುದು ಆಗ ಗೊತ್ತಾಯಿತು. ಕಾರ್ಡಿನಲ್ಲಿ 'ನಿಮಗೆ ಸಹಾಯ ಮಾಡಿದ ಒಬ್ಬರು' ಎಂದಿದ್ದರೆ ಅಮ್ಮ ಮೊದಲು ಮಹಾತ್ಮರನ್ನು ಹುಡುಕುತ್ತಿದ್ದರು. ಹಾಲು ತರುವವರ ಬಗ್ಗೆ ಹೇಳಬಹುದು ಎಂದು ತಿಳಿದ ದಿನದಿಂದ ಅವರಿಗೆ ಮಾತು ಮುಗಿಯುತ್ತಲೇ ಇರಲಿಲ್ಲ.

ಕನ್ನಡಿಗರು ವಿಶೇಷವಾಗಿ ತಿದ್ದಿಕೊಳ್ಳಬೇಕಾದ ಒಂದು ಅಭ್ಯಾಸವಿದೆ. "ಡೋಂಟ್ ಯು ಲೈಕ್ ಟೀ?" ಎಂದು ಕೇಳಿದಾಗ ನಾವು ಮನಸ್ಸಿನಲ್ಲಿ "ಹೌದು, ಇಷ್ಟವಿಲ್ಲ" ಎಂದುಕೊಂಡು "ಯೆಸ್" ಎನ್ನುತ್ತೇವೆ. ಕೇಳಿದವರಿಗೆ ಅದು ಚಹಾ ಇಷ್ಟ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಪ್ರಶ್ನೆ ಹೇಗೇ ಇರಲಿ, ಇಷ್ಟವಿಲ್ಲದಿದ್ದರೆ 'ನೋ'. ಪ್ರಶ್ನೆ ಅರ್ಥವಾಗದಿದ್ದರೆ "ಸಾರಿ, ಕ್ಯಾನ್ ಯು ರಿಪೀಟ್ ದ ಕ್ವೆಶ್ಚನ್?" ಎಂದು ಕೇಳಬಹುದು. ಮತ್ತೆ ಕೇಳಿದ್ದಕ್ಕೆ ಅಂಕ ಹೋಗುವುದಿಲ್ಲ. ಈ ಒಂದು ವಾಕ್ಯವನ್ನು ಮಾತ್ರ ಬಾಯಿಪಾಠ ಮಾಡಿಸಿ.

ಉಳಿದದ್ದನ್ನು ಬಾಯಿಪಾಠ ಮಾಡಿಸಬೇಡಿ. ಕೆಲವು ಕೋಚಿಂಗ್ ಕೇಂದ್ರಗಳು ಸಿದ್ಧ ಉತ್ತರಗಳ ಹಾಳೆ ಕೊಡುತ್ತವೆ. ಒಪ್ಪಿಸುವ ದನಿ ಪರೀಕ್ಷಕರಿಗೆ ಕೂಡಲೇ ತಿಳಿಯುತ್ತದೆ, ಒಪ್ಪಿಸಿದ ಮಾತಿಗೆ ಅಂಕ ಸಿಗುವುದೂ ಇಲ್ಲ. ನಡುವೆ ಒಂದು ಪದ ಮರೆತರೆ ಹಿರಿಯರು ಅಲ್ಲೇ ಸಿಕ್ಕಿಬೀಳುತ್ತಾರೆ.

ಆಲಿಸುವುದು: ಒಮ್ಮೆ ಮಾತ್ರ

ಧ್ವನಿಮುದ್ರಿಕೆ ಸುಮಾರು 30 ನಿಮಿಷ, ಪ್ರಶ್ನೆಗಳು 40, ಭಾಗಗಳು ನಾಲ್ಕು. ಪ್ರತಿಯೊಂದೂ ಒಂದೇ ಸಲ ಕೇಳಿಸುತ್ತದೆ. ಮೊದಲ ಭಾಗ ಇಬ್ಬರ ಮಾತುಕತೆ: ಕೋಣೆ ಕಾಯ್ದಿರಿಸುವುದು, ತರಗತಿಗೆ ಸೇರುವುದು, ಹೀಗೆ. ಎರಡನೆಯದು ಒಬ್ಬರು ಕೊಡುವ ಮಾಹಿತಿ. ಮೂರು, ನಾಲ್ಕು ಓದುಬರಹದ ವಿಷಯಗಳು, ಕಷ್ಟ. 40ರಲ್ಲಿ 16 ಸರಿಯಾದರೆ ಸುಮಾರು 5ರ ಬ್ಯಾಂಡ್ ಬರುತ್ತದೆ. 4 ಸಾಕೆನ್ನುವವರಿಗೆ ಅಷ್ಟೂ ಬೇಡ. ಆದ್ದರಿಂದ ಅಮ್ಮನ ಅಭ್ಯಾಸದ ಮುಕ್ಕಾಲು ಪಾಲು ಮೊದಲ ಎರಡು ಭಾಗಗಳ ಮೇಲೆಯೇ ನಡೆಯಿತು.

ಮೊದಲ ಭಾಗದಲ್ಲಿ ಕೇಳುವುದು ಹೆಚ್ಚಾಗಿ ಹೆಸರಿನ ಕಾಗುಣಿತ, ಫೋನ್ ಸಂಖ್ಯೆ, ದಿನಾಂಕ, ಬೆಲೆ. ನಮ್ಮವರು ಮುಗ್ಗರಿಸುವುದು ಅಕ್ಷರಗಳ ಹೆಸರಿನಲ್ಲಿ: ಎ ಮತ್ತು ಇ, ಜಿ ಮತ್ತು ಜೆ, ಎಂ ಮತ್ತು ಎನ್. ಫೋನ್ ಸಂಖ್ಯೆಯಲ್ಲಿ ಸೊನ್ನೆಯನ್ನು 'ಓ' ಎನ್ನುತ್ತಾರೆ, 44 ಅನ್ನು 'ಡಬಲ್ ಫೋರ್' ಎನ್ನುತ್ತಾರೆ. 13 ಮತ್ತು 30ರ ವ್ಯತ್ಯಾಸ ಒತ್ತು ಬೀಳುವ ಕಡೆ ಇದೆ: ಹದಿಮೂರಿಗೆ ಕೊನೆಯಲ್ಲಿ, ಮೂವತ್ತಕ್ಕೆ ಮೊದಲಲ್ಲಿ. ಸೋದರಮಾವನ ಮಗಳು ದಿನವೂ ಹತ್ತು ಹೆಸರು, ಹತ್ತು ಸಂಖ್ಯೆ ಹೇಳಿ ಬರೆಸುತ್ತಿದ್ದಳು. ಜೀವನವಿಡೀ ಉಕ್ತಲೇಖನ ಬರೆಸಿದ ಅಮ್ಮನಿಗೆ ಈ ಆಟ ಚೆನ್ನಾಗಿ ಹಿಡಿಸಿತು. ಮೂರು ವಾರದಲ್ಲಿ ಮೊದಲ ಭಾಗದ ಹತ್ತರಲ್ಲಿ ಏಳು ಸರಿಬರತೊಡಗಿತು.

ನ್ಯೂಜಿಲೆಂಡಿನವರ ಉಚ್ಚಾರಣೆಯೂ ಪರೀಕ್ಷೆಯಲ್ಲಿ ಬರಬಹುದು. ಇಲ್ಲಿ 'ಪೆನ್' ಎನ್ನುವುದು ನಮ್ಮ ಕಿವಿಗೆ 'ಪಿನ್' ಎಂದೂ 'ಟೆನ್' ಎನ್ನುವುದು 'ಟಿನ್' ಎಂದೂ ಕೇಳುತ್ತದೆ. ವಾರಕ್ಕೆರಡು ಬಾರಿ ಇಲ್ಲಿನ ರೇಡಿಯೊದ ಹವಾಮಾನ ವರದಿಯನ್ನು ಅಂತರ್ಜಾಲದಲ್ಲಿ ಕೇಳಿಸಿದರೆ ಸಾಕು. ಒಂದು ಪ್ರಶ್ನೆ ತಪ್ಪಿದರೆ ಅದನ್ನೇ ಯೋಚಿಸುತ್ತ ಕೂರದೆ ಮುಂದಿನದಕ್ಕೆ ಹೋಗುವುದನ್ನೂ ಅಭ್ಯಾಸ ಮಾಡಿಸಬೇಕು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಯಾವ ಜಾಗವನ್ನೂ ಖಾಲಿ ಬಿಡಬಾರದು.

ಓದು ಮತ್ತು ಬರವಣಿಗೆ

ಓದಿನಲ್ಲಿ 60 ನಿಮಿಷಕ್ಕೆ 40 ಪ್ರಶ್ನೆ. ಜನರಲ್ ಟ್ರೈನಿಂಗ್‌ನಲ್ಲಿ 15 ಸರಿಯಾದರೆ ಸುಮಾರು 4ರ ಬ್ಯಾಂಡ್. ಮೊದಲ ವಿಭಾಗದಲ್ಲಿ ಜಾಹೀರಾತು, ಸೂಚನೆ, ವೇಳಾಪಟ್ಟಿಗಳಿರುತ್ತವೆ. ಎರಡನೆಯದರಲ್ಲಿ ಕೆಲಸದ ಸ್ಥಳದ ಕಾಗದಪತ್ರಗಳು. ಮೂರನೆಯದು ಒಂದು ಉದ್ದ ಲೇಖನ. ಅಮ್ಮ ಮೊದಲ ವಿಭಾಗಕ್ಕೆ 30 ನಿಮಿಷ, ಎರಡನೆಯದಕ್ಕೆ 20 ಕೊಟ್ಟು, ಉಳಿದ ಹತ್ತರಲ್ಲಿ ಮೂರನೆಯದರ ಉತ್ತರಗಳನ್ನು ಊಹಿಸಿ ತುಂಬುತ್ತಿದ್ದರು. ಹೆಚ್ಚಿನ ಅಂಕ ಬೇಕಾದವರಿಗೆ ಈ ಹಂಚಿಕೆ ಸರಿಯಲ್ಲ, 15ರ ಲೆಕ್ಕದವರಿಗೆ ಸರಿ.

ಬರವಣಿಗೆಗೂ 60 ನಿಮಿಷ. ಕನಿಷ್ಠ 150 ಪದಗಳ ಒಂದು ಪತ್ರ, ಕನಿಷ್ಠ 250 ಪದಗಳ ಒಂದು ಪ್ರಬಂಧ. ಪ್ರಬಂಧದ ತೂಕ ಪತ್ರಕ್ಕಿಂತ ಎರಡರಷ್ಟು. ಹಿರಿಯರು ಪತ್ರವನ್ನು ಮುತ್ತಿನಂತೆ ಬರೆಯುತ್ತ 40 ನಿಮಿಷ ಕಳೆದುಬಿಡುತ್ತಾರೆ, ಪ್ರಬಂಧಕ್ಕೆ ನಾಲ್ಕು ಸಾಲು ಉಳಿಯುತ್ತದೆ. ಆದ್ದರಿಂದ ಪತ್ರಕ್ಕೆ 20 ನಿಮಿಷ ಎಂದು ಕಟ್ಟುನಿಟ್ಟು ಮಾಡಿ. ಪತ್ರದ ಪ್ರಶ್ನೆಯಲ್ಲಿ ಮೂರು ಅಂಶಗಳನ್ನು ಕೊಟ್ಟಿರುತ್ತಾರೆ. ಮೂರಕ್ಕೂ ಒಂದೊಂದು ಪ್ಯಾರಾ ಬರೆದರೆ ಯಾವುದೂ ಬಿಟ್ಟುಹೋಗುವುದಿಲ್ಲ. ಪ್ರಬಂಧದಲ್ಲಿ ದೊಡ್ಡ ಮಾತು ಬೇಡ: ನನ್ನ ಅಭಿಪ್ರಾಯ ಇದು, ಮೊದಲ ಕಾರಣ ಮತ್ತು ನನ್ನ ಊರಿನ ಒಂದು ಉದಾಹರಣೆ, ಎರಡನೆಯ ಕಾರಣ ಮತ್ತು ಇನ್ನೊಂದು ಉದಾಹರಣೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ವಾಕ್ಯ ಉದ್ದವಾದಂತೆ ಈ ಗೊಂದಲ ಹೆಚ್ಚುತ್ತದೆ. ಎಂಟು ಪದ ಮೀರದ ವಾಕ್ಯಗಳನ್ನು ಬರೆಯಿಸಿ.

ಪರದೆ, ಕೀಲಿಮಣೆ, ಕುರ್ಚಿ

ಕಂಪ್ಯೂಟರ್ ಮೇಲೆ ಬರೆಯುವುದಾದರೆ ಇಂಗ್ಲಿಷಿಗಿಂತ ಮೊದಲು ಮೌಸ್ ಕಲಿಸಬೇಕಾಗಬಹುದು. ಮೊಬೈಲಿನಲ್ಲಿ ಬೆರಳಾಡಿಸುವವರಿಗೆ ಪರದೆಯನ್ನು ಮೇಲೆ ಕೆಳಗೆ ಸರಿಸುವುದು, ಪೆಟ್ಟಿಗೆಯೊಳಗೆ ಕ್ಲಿಕ್ ಮಾಡಿ ಟೈಪ್ ಮಾಡುವುದು ಹೊಸದು. ಅಮ್ಮ ಮೊದಲ ವಾರ ನಿಮಿಷಕ್ಕೆ ನಾಲ್ಕು ಪದ ಟೈಪ್ ಮಾಡುತ್ತಿದ್ದರು. ಈ ವೇಗದಲ್ಲಿ 60 ನಿಮಿಷಕ್ಕೆ 240 ಪದ, ಬೇಕಾದದ್ದು 400. ದಿನಕ್ಕೆ 15 ನಿಮಿಷದಂತೆ ಎರಡು ತಿಂಗಳು ಅಭ್ಯಾಸ ಮಾಡಿದ ಮೇಲೆ ನಿಮಿಷಕ್ಕೆ ಹತ್ತಾಯಿತು. ನೋಂದಣಿಯ ಮೊದಲೇ ಈ ಲೆಕ್ಕವನ್ನು ನಿಮ್ಮವರಿಗೂ ಹಾಕಿ ನೋಡಿ.

ಆಲಿಸುವುದು, ಓದುವುದು, ಬರೆಯುವುದು ಒಂದರ ಹಿಂದೆ ಒಂದರಂತೆ ಎರಡೂವರೆ ಗಂಟೆಗೂ ಮೇಲೆ ನಡೆಯುತ್ತವೆ, ನಡುವೆ ವಿರಾಮವಿಲ್ಲ. ಶೌಚಾಲಯಕ್ಕೆ ಹೋಗಬಹುದು, ಆದರೆ ಹೋದ ಸಮಯ ಮರಳಿ ಸಿಗುವುದಿಲ್ಲ. ಮಧುಮೇಹ ಇರುವವರು ತಿಂಡಿ, ಮಾತ್ರೆಯ ವಿಷಯವನ್ನು ಕೇಂದ್ರಕ್ಕೆ ಮೊದಲೇ ತಿಳಿಸಿರಬೇಕು. ಕೊನೆಯ ತಿಂಗಳಲ್ಲಿ ಪ್ರತಿ ಭಾನುವಾರ ಪೂರ್ಣ ಪರೀಕ್ಷೆಯನ್ನು ಅದೇ ಹೊತ್ತಿಗೆ, ಕುರ್ಚಿ ಮೇಜಿನಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿಸಿ ಮಾಡಿಸಿ. ಮನೆಯಲ್ಲಿ ಸ್ಪೀಕರಿನಲ್ಲಿ ಕೇಳಿ ಅಭ್ಯಾಸವಾಗಿದ್ದ ಅಮ್ಮನಿಗೆ ಮೊದಲ ಪರೀಕ್ಷೆಯ ದಿನ ಹೆಡ್‌ಫೋನಿನ ಸದ್ದು ತೀರಾ ಕಡಿಮೆ ಇತ್ತು. ಏರಿಸಬಹುದೇ ಎಂದು ಕೇಳಲು ಸಂಕೋಚಪಟ್ಟು ಸುಮ್ಮನೆ ಕುಳಿತರು. ಪರೀಕ್ಷೆ ಶುರುವಾಗುವ ಮೊದಲು ಸದ್ದು ಪರೀಕ್ಷಿಸಲು ಸಮಯ ಕೊಡುತ್ತಾರೆ. ಆಗಲೇ ಕೈ ಎತ್ತಬೇಕು.

ಆ ಸಲ ಅವರಿಗೆ ಮಾತಿಗೆ 4.5, ಆಲಿಸುವುದಕ್ಕೆ 3, ಓದಿಗೆ 3.5, ಬರವಣಿಗೆಗೆ 3.5 ಬಂತು. ಒಟ್ಟು 14.5. ಅರ್ಧ ಅಂಕ ಕಡಿಮೆ. ಎಲ್ಲವನ್ನೂ ಮತ್ತೆ ಓದಿಸಲು ಹೋಗಲಿಲ್ಲ. ಆರು ವಾರ ಹೆಡ್‌ಫೋನ್ ಹಾಕಿಸಿ ಆಲಿಸುವ ಮೊದಲ ಎರಡು ಭಾಗಗಳನ್ನಷ್ಟೇ ಮಾಡಿಸಿದೆವು. ಎರಡನೆಯ ಸಲ ಆಲಿಸುವುದಕ್ಕೆ 4.5 ಬಂತು, ಮಾತಿಗೆ 5. ಓದು ಅಷ್ಟೇ ಇತ್ತು, ಬರವಣಿಗೆ 3ಕ್ಕೆ ಇಳಿಯಿತು. ಒಟ್ಟು 16, ಸರಾಸರಿ ಸರಿಯಾಗಿ 4.0.

ಎರಡು ಸಲ ಬರೆದರೂ ಅಂಕ ಬಾರದವರಿಗೆ ಇನ್ನೊಂದು ದಾರಿ ಇದೆ. ನ್ಯೂಜಿಲೆಂಡಿಗೆ ಬಂದ ಮೇಲೆ ಕಲಿಯಬೇಕಾದ ಇಂಗ್ಲಿಷ್ ತರಗತಿಗಳ ಶುಲ್ಕವನ್ನು ವೀಸಾ ಕೊಡುವ ಮೊದಲೇ ಕಟ್ಟಿಸಿಕೊಳ್ಳುತ್ತಾರೆ. ದುಬಾರಿಯೇ ಹೌದು, ಆದರೆ ಬಂದ ಮೇಲೆ ಆ ಹಣಕ್ಕೆ ತರಗತಿ ಸಿಗುತ್ತದೆ. ಈ ಮಾತನ್ನು ನಾನು ಅಮ್ಮನಿಗೆ ಮೊದಲ ಪರೀಕ್ಷೆಯ ಹಿಂದಿನ ರಾತ್ರಿ ಹೇಳಿದೆ. ಮೊದಲ ದಿನವೇ ಹೇಳಬೇಕಿತ್ತು. ಅಂಕ ಬಾರದಿದ್ದರೆ ಮಗಳ ಮನೆಯ ಬಾಗಿಲೇ ಮುಚ್ಚಿಹೋಗುತ್ತದೆ ಎಂದು ಅವರು ಅಷ್ಟು ತಿಂಗಳು ಒಳಗೊಳಗೇ ನಂಬಿಕೊಂಡಿದ್ದರು.